ನಾಲ್ಕು ಥ್ರೆಡ್ ಹಾಕಿದರೂ ನಲವತ್ತೆರಡು ನಿಮಿಷ

ಸ್ಕ್ಯಾನ್ ಮಾಡಿದ ಹಳೆಯ ಕನ್ನಡ ಪುಸ್ತಕಗಳನ್ನು ಒಸಿಆರ್ ಮಾಡಿದಾಗ, ಅಂದರೆ ಪುಟದ ಚಿತ್ರವನ್ನು ಕಂಪ್ಯೂಟರ್ ಓದಿ ಪಠ್ಯವಾಗಿಸಿದಾಗ, ಅಕ್ಷರಗಳು ತುಂಬಾ ಕೆಡುತ್ತವೆ. ಒತ್ತಕ್ಷರ ಹಾರಿಹೋಗುತ್ತದೆ, ದೀರ್ಘ ಮಾಯವಾಗುತ್ತದೆ. ಅಂಥ ಪದಗಳನ್ನು ಸರಿಮಾಡಲು ನಾನು ಪೈಥಾನ್‌ನಲ್ಲಿ ಒಂದು ಚಿಕ್ಕ ಪ್ರೋಗ್ರಾಂ ಬರೆದುಕೊಂಡಿದ್ದೆ. ಅನುಮಾನ ಬಂದ ಪದ ಸುಮಾರು 10,000. ನನ್ನ ಪದಪಟ್ಟಿಯಲ್ಲಿ ಸುಮಾರು 25,000 ಪದ. ಪ್ರತಿ ತಪ್ಪು ಪದವನ್ನೂ ಪಟ್ಟಿಯ ಪ್ರತಿ ಪದದ ಜೊತೆ ಹೋಲಿಸಿ, ಎಷ್ಟು ಅಕ್ಷರ ಬದಲಿಸಿದರೆ ಇದು ಅದಾಗುತ್ತದೆ ಎಂದು ಲೆಕ್ಕ ಹಾಕಬೇಕು. ಅತಿ ಕಡಿಮೆ ಬಂದದ್ದೇ ಉತ್ತರ. ಅಂದರೆ 25 ಕೋಟಿ ಹೋಲಿಕೆ.

ಇದಕ್ಕೆ 40 ನಿಮಿಷ ಹಿಡಿಯುತ್ತಿತ್ತು. ನನ್ನ ಲ್ಯಾಪ್‌ಟಾಪ್‌ನಲ್ಲಿ ನಾಲ್ಕು ಕೋರ್ ಇವೆ. ಕೆಲಸವನ್ನು ನಾಲ್ಕು ಥ್ರೆಡ್‌ಗೆ ಹಂಚಿದರೆ 10 ನಿಮಿಷಕ್ಕೆ ಬರಬೇಕು, ಅಲ್ವಾ? ಹೀಗೆ ಬರೆದೆ. ಇದರಲ್ಲಿ `nighantu` ನನ್ನ ಪದಪಟ್ಟಿ, `padagalu` ಅನುಮಾನದ ಪದಗಳು, `doora` ಎಷ್ಟು ಅಕ್ಷರ ಬದಲಿಸಬೇಕೆಂದು ಲೆಕ್ಕ ಹಾಕುವ ನನ್ನ ಫಂಕ್ಷನ್:

```python
from concurrent.futures import ThreadPoolExecutor

def hattira(pada):
    return min(nighantu, key=lambda n: doora(pada, n))

with ThreadPoolExecutor(4) as ex:
    uttara = list(ex.map(hattira, padagalu))
```

42 ನಿಮಿಷ ಆಯಿತು. ಮೊದಲಿಗಿಂತ ಎರಡು ನಿಮಿಷ ಜಾಸ್ತಿ!

ಪೈಥಾನ್ ಕಲಿಯುವ ಬಹಳ ಜನ ಇಲ್ಲಿ ಬಂದು ನಿಲ್ಲುತ್ತಾರೆ. ಆಗ ಅವರಿಗೆ ಸಿಗುವ ಉತ್ತರ ಒಂದೇ ಸಾಲಿನದು: "ಪೈಥಾನ್‌ನಲ್ಲಿ ಗಿಲ್ ಇದೆ, ಥ್ರೆಡ್ ದಂಡ." ಈ ಉತ್ತರ ನನಗೆ ಇಷ್ಟವಿಲ್ಲ. ಅರ್ಧ ಸುಳ್ಳು, ಉಳಿದರ್ಧಕ್ಕೆ ಕಾರಣ ಹೇಳುವುದಿಲ್ಲ. ಗಿಲ್ ಅಂದರೆ ಗ್ಲೋಬಲ್ ಇಂಟರ್ಪ್ರಿಟರ್ ಲಾಕ್. ಅದನ್ನು ಯಾರೋ ಸೋಮಾರಿತನದಿಂದ ಬಿಟ್ಟುಹೋದ ದೋಷ ಎಂಬಂತೆ ಮಾತಾಡುವುದು ತಪ್ಪು. ಅದು ಅಲ್ಲಿ ಯಾಕಿದೆ ಅಂತ ಒಮ್ಮೆ ಅರ್ಥವಾದರೆ, ಯಾವಾಗ ಅಡ್ಡ ಬರುತ್ತದೆ, ಯಾವಾಗ ಬರುವುದಿಲ್ಲ ಅನ್ನುವುದೂ ತಾನಾಗಿ ಗೊತ್ತಾಗುತ್ತದೆ.

ಬೇರು ಇರುವುದು ಎಣಿಕೆಯಲ್ಲಿ. ನಾವೆಲ್ಲ ಸಾಮಾನ್ಯವಾಗಿ ಬಳಸುವ ಪೈಥಾನ್‌ನ ಹೆಸರು ಸಿಪೈಥಾನ್. ಅದರಲ್ಲಿ ಪ್ರತಿ ವಸ್ತುವಿನ ಜೊತೆಗೂ ಒಂದು ಸಂಖ್ಯೆ ಇರುತ್ತದೆ: ಈ ವಸ್ತುವನ್ನು ಸದ್ಯಕ್ಕೆ ಎಷ್ಟು ಕಡೆಯಿಂದ ಹಿಡಿದುಕೊಂಡಿದ್ದಾರೆ ಅನ್ನುವ ಲೆಕ್ಕ. ಒಂದು ಪದವನ್ನು ವೇರಿಯಬಲ್‌ಗೆ ಹಾಕಿದರೆ ಎಣಿಕೆ ಒಂದು ಏರುತ್ತದೆ. ಫಂಕ್ಷನ್‌ಗೆ ಕಳಿಸಿದರೆ ಏರುತ್ತದೆ, ಕೆಲಸ ಮುಗಿದ ಮೇಲೆ ಇಳಿಯುತ್ತದೆ. ಸೊನ್ನೆ ಮುಟ್ಟಿದ ಕೂಡಲೇ ಆ ಜಾಗವನ್ನು ಖಾಲಿ ಮಾಡಿ ಬೇರೆಯದಕ್ಕೆ ಕೊಡಲಾಗುತ್ತದೆ.

ಈಗ ನನ್ನ ಪದಪಟ್ಟಿಯನ್ನು ನೆನಪಿಸಿಕೊಳ್ಳಿ. ನಾಲ್ಕೂ ಥ್ರೆಡ್‌ಗೆ ಪಟ್ಟಿ ಒಂದೇ. ಅದರಲ್ಲಿ "ಮಳೆ" ಅನ್ನುವ ಪದ ಇದೆ, ಅದರ ಎಣಿಕೆ 5 ಅಂದುಕೊಳ್ಳಿ. ಎರಡು ಥ್ರೆಡ್ ಒಂದೇ ಕ್ಷಣದಲ್ಲಿ ಅದನ್ನು ಕೈಗೆತ್ತಿಕೊಂಡವು. "ಒಂದು ಏರಿಸು" ಅನ್ನುವುದು ನಮಗೆ ಒಂದೇ ಕೆಲಸ. ಪ್ರೊಸೆಸರ್‌ಗೆ ಮೂರು: ಓದು, ಕೂಡು, ಬರೆ. ಮೊದಲ ಥ್ರೆಡ್ 5 ಓದಿತು. ಅದು ಬರೆಯುವ ಮುಂಚೆಯೇ ಎರಡನೆಯದೂ 5 ಓದಿತು. ಇಬ್ಬರೂ 6 ಬರೆದರು. ಇರಬೇಕಾದದ್ದು 7.

ಮುಂದೆ ಇಬ್ಬರೂ ಕೆಲಸ ಮುಗಿಸಿ ಒಂದೊಂದು ಇಳಿಸಿದರು. ಎಣಿಕೆ 4 ಆಯಿತು. ಹಿಡಿದುಕೊಂಡವರು ಮಾತ್ರ ಮೊದಲಿನ ಹಾಗೆ ಐದೇ ಇದ್ದಾರೆ. ಇದು ಇನ್ನು ನಾಲ್ಕು ಸಲ ನಡೆದರೆ ಎಣಿಕೆ ಸೊನ್ನೆ. ಪದ ಪಟ್ಟಿಯಲ್ಲಿ ಇರುವಾಗಲೇ ಅದರ ಜಾಗವನ್ನು ಬೇರೆಯವರಿಗೆ ಕೊಟ್ಟಾಯಿತು. ಆಮೇಲೆ ಪ್ರೋಗ್ರಾಂ ಒಮ್ಮೆಗೇ ಸತ್ತರೆ ಪುಣ್ಯ. ಸಾಯದೆ "ಮಳೆ" ಇದ್ದ ಜಾಗದಲ್ಲಿ ಇನ್ನೇನನ್ನೋ ಓದಿ ತಪ್ಪು ಉತ್ತರ ಕೊಟ್ಟರೆ ಯಾವತ್ತಿಗೂ ಗೊತ್ತಾಗುವುದಿಲ್ಲ. ಇಳಿಸುವಾಗ ಲೆಕ್ಕ ತಪ್ಪಿದರೆ ಇದರ ಉಲ್ಟಾ: ಯಾರಿಗೂ ಬೇಡವಾದ ವಸ್ತು ಮೆಮೊರಿಯಲ್ಲಿ ಹಾಗೇ ಉಳಿಯುತ್ತದೆ.

ಹಾಗಾದರೆ ಪ್ರತಿ ವಸ್ತುವಿಗೂ ಒಂದು ಬೀಗ ಹಾಕಬಹುದಲ್ಲ? ಹಾಕಬಹುದು. ಖರ್ಚು ನೋಡಿ. ಒಂದು ಪದಕ್ಕೆ ಸುಮಾರು ಒಂಬತ್ತು ಅಕ್ಷರ ಅಂದರೆ, ಎರಡು ಪದ ಹೋಲಿಸಲು ಒಳಗಿನ ಲೂಪ್ 81 ಸಲ ತಿರುಗುತ್ತದೆ. 25 ಕೋಟಿ ಹೋಲಿಕೆಗೆ 2,000 ಕೋಟಿ ಸುತ್ತು. ಪ್ರತಿ ಸುತ್ತಿನಲ್ಲೂ ಅಕ್ಷರ, ಸಂಖ್ಯೆ, ಲಿಸ್ಟ್ ಎಲ್ಲವನ್ನೂ ಮುಟ್ಟುತ್ತೇವೆ. ಮುಟ್ಟಿದಾಗೆಲ್ಲ ಬೀಗ ತೆಗೆದು ಹಾಕುತ್ತಾ ಕೂತರೆ, ಒಂದೇ ಥ್ರೆಡ್ ಇರುವ ಸಾಮಾನ್ಯ ಪ್ರೋಗ್ರಾಂ ಕೂಡ ನಿಧಾನವಾಗುತ್ತದೆ. ಇದು ಬರೀ ಊಹೆಯಲ್ಲ. 1990ರ ದಶಕದಲ್ಲೇ ಗ್ರೆಗ್ ಸ್ಟೈನ್ ಎಂಬವರು ಪೈಥಾನ್ 1.4ರಲ್ಲಿ ಗಿಲ್ ತೆಗೆದು ತೋರಿಸಿದ್ದರು. ಒಂದೇ ಥ್ರೆಡ್‌ನ ಪ್ರೋಗ್ರಾಂಗಳ ವೇಗ ತೀರಾ ಬಿದ್ದುಹೋದದ್ದರಿಂದ ಅದು ಪೈಥಾನ್‌ಗೆ ಸೇರಲಿಲ್ಲ.

ಅದಕ್ಕೇ ಇಡೀ ಇಂಟರ್ಪ್ರಿಟರ್‌ಗೆ ಒಂದೇ ಬೀಗ. ಕೈಯಲ್ಲಿ ಗಿಲ್ ಇರುವ ಥ್ರೆಡ್ ಮಾತ್ರ ಪೈಥಾನ್ ಕೋಡ್ ಓಡಿಸಬಹುದು. ನಾಲ್ಕು ಜನ ಬರೆಯುವವರು, ಪೆನ್ನು ಒಂದೇ. ಆಗಿನ ಮನೆ, ಆಫೀಸಿನ ಕಂಪ್ಯೂಟರ್‌ಗಳಲ್ಲಿ ಸಾಮಾನ್ಯವಾಗಿ ಇರುತ್ತಿದ್ದದ್ದೂ ಒಂದೇ ಪ್ರೊಸೆಸರ್. ಆ ಕಾಲಕ್ಕೆ ಇದು ಸರಿಯಾದ ತೀರ್ಮಾನ ಅಂತ ನಾನು ಇವತ್ತಿಗೂ ನಂಬುತ್ತೇನೆ. ಬೀಗದ ಚಿಂತೆ ಇಲ್ಲದ್ದರಿಂದಲೇ ಸಿ ಭಾಷೆಯಲ್ಲಿ ಪೈಥಾನ್‌ಗೆ ಲೈಬ್ರರಿ ಬರೆಯುವುದು ಸುಲಭವಾಯಿತು. ಆ ಲೈಬ್ರರಿಗಳಿಂದಲೇ ಪೈಥಾನ್ ಬೆಳೆದದ್ದು.

ಪೆನ್ನು ಕೈ ಬದಲಾಯಿಸುವುದು ಹೇಗೆ? ಕಾಯುವ ಥ್ರೆಡ್ 5 ಮಿಲಿಸೆಕೆಂಡ್ ನೋಡುತ್ತದೆ. ಅಷ್ಟರಲ್ಲಿ ಲಾಕ್ ಸಿಗದಿದ್ದರೆ "ಬಿಟ್ಟುಕೊಡು" ಎಂದು ಒಂದು ಗುರುತು ಹಾಕುತ್ತದೆ. ಓಡುತ್ತಿರುವ ಥ್ರೆಡ್ ಮುಂದಿನ ಸರಿಯಾದ ಜಾಗದಲ್ಲಿ ಆ ಗುರುತು ನೋಡಿ ಬಿಡುತ್ತದೆ. ಈ ಪದ್ಧತಿ ಆಂಟುವಾನ್ ಪಿತ್ರು ಬರೆದದ್ದು, ಪೈಥಾನ್ 3.2ರಿಂದ ಇದೆ. ನಿಮ್ಮಲ್ಲಿ ಎಷ್ಟಿದೆ ಅಂತ ನೋಡಲು:

```python
>>> import sys
>>> sys.getswitchinterval()
0.005
```

ಅಂದರೆ ನನ್ನ ನಾಲ್ಕು ಥ್ರೆಡ್‌ಗಳು ಐದೈದು ಮಿಲಿಸೆಕೆಂಡ್‌ನಂತೆ ಸರದಿ ಹಾಕಿಕೊಂಡು ಅದೇ 40 ನಿಮಿಷದ ಲೆಕ್ಕವನ್ನು ಮಾಡಿದವು. ಯಾವ ಕ್ಷಣದಲ್ಲೂ ಎರಡು ಥ್ರೆಡ್ ಒಟ್ಟಿಗೆ ಲೆಕ್ಕ ಮಾಡಲಿಲ್ಲ. ಮೇಲಿನ ಎರಡು ನಿಮಿಷ ಸರದಿ ಬದಲಿಸಿದ ಖರ್ಚು.

ನಿಮ್ಮ ಪ್ರೋಗ್ರಾಂಗೂ ಇದೇ ಆಗುತ್ತಿದೆಯೇ ಎಂದು ನೋಡುವುದು ಸುಲಭ. ಲಿನಕ್ಸ್‌ನಲ್ಲಿ `top` ತೆರೆಯಿರಿ. ನಾಲ್ಕು ಕೋರ್ ನಿಜವಾಗಿ ದುಡಿಯುತ್ತಿದ್ದರೆ ನಿಮ್ಮ ಪ್ರೋಗ್ರಾಂನ ಮುಂದೆ `%CPU` ಅನ್ನುವಲ್ಲಿ 400ರ ಹತ್ತಿರ ಇರಬೇಕು. ನನ್ನದು 100ರ ಸುತ್ತಮುತ್ತವೇ ನಿಂತಿತ್ತು. ಇಲ್ಲೊಂದು ಕಡೆ ಎಚ್ಚರ ಬೇಕು. ಕೋರ್‌ಗಳನ್ನು ಬೇರೆ ಬೇರೆಯಾಗಿ ನೋಡಿದರೆ ನಾಲ್ಕೂ ಸ್ವಲ್ಪ ಸ್ವಲ್ಪ ಕೆಲಸ ಮಾಡುತ್ತಿರುವಂತೆ ಕಾಣಬಹುದು. ಸರದಿ ಬಂದಾಗ ಬೇರೆ ಬೇರೆ ಕೋರ್ ಮೇಲೆ ಓಡುವುದರಿಂದ ಹಾಗೆ. ಒಟ್ಟು ಕೂಡಿ ನೋಡಿ, ಒಂದು ಕೋರಿನ ಕೆಲಸವೇ ಇರುತ್ತದೆ.

ಹಾಗಂತ ಥ್ರೆಡ್ ದಂಡ ಅಲ್ಲ. ಥ್ರೆಡ್ ಕಾಯುವಾಗ ಲಾಕ್ ಬಿಡುತ್ತದೆ. ನೂರು ವೆಬ್ ಪುಟ ಇಳಿಸಿಕೊಳ್ಳಬೇಕಾದರೆ ಹೆಚ್ಚಿನ ಸಮಯ ಹೋಗುವುದು ನೆಟ್‌ವರ್ಕ್‌ನ ಉತ್ತರಕ್ಕೆ ಕಾಯುವುದರಲ್ಲಿ. ಅಲ್ಲಿ ಥ್ರೆಡ್‌ನಿಂದ ದೊಡ್ಡ ಲಾಭ. ಸಂಖ್ಯೆಗಳ ಲೆಕ್ಕಕ್ಕೆ ಬಳಸುವ ನಂಪೈ ಲೈಬ್ರರಿ ಕೂಡ ದೊಡ್ಡ ಲೆಕ್ಕಗಳನ್ನು ಸಿ ಕೋಡ್‌ನಲ್ಲಿ ಮಾಡುವಾಗ ಬಹಳ ಕಡೆ ಲಾಕ್ ಬಿಡುತ್ತದೆ. ಆದರೆ "ಸಿಯಲ್ಲಿ ಬರೆದಿದ್ದೆಲ್ಲ ಬಿಡುತ್ತದೆ" ಅಂದುಕೊಳ್ಳಬೇಡಿ. ಪೈಥಾನ್‌ನ `re`, ಪಠ್ಯದಲ್ಲಿ ಪ್ಯಾಟರ್ನ್ ಹುಡುಕುವ ಲೈಬ್ರರಿ, ಬಿಡುವುದಿಲ್ಲ. ದೊಡ್ಡ ಪಠ್ಯದ ಮೇಲೆ ಒಂದು ಕೆಟ್ಟ ಪ್ಯಾಟರ್ನ್ ಓಡಿಸಿದರೆ ಅದು ಮುಗಿಯುವವರೆಗೂ ಉಳಿದ ಥ್ರೆಡ್‌ಗಳು ನಿಂತೇ ಇರಬೇಕು. 5 ಮಿಲಿಸೆಕೆಂಡ್ ಗುರುತನ್ನು ಅದು ನೋಡುವುದೇ ಇಲ್ಲ.

ನನ್ನ ಕೆಲಸಕ್ಕೆ ಬೇಕಾಗಿದ್ದು ಪ್ರಾಸೆಸ್. ಪ್ರತಿ ಪ್ರಾಸೆಸ್‌ಗೆ ಬೇರೆ ಇಂಟರ್ಪ್ರಿಟರ್, ಬೇರೆ ಮೆಮೊರಿ, ಬೇರೆ ಗಿಲ್. `ThreadPoolExecutor` ಇದ್ದ ಕಡೆ `ProcessPoolExecutor` ಮಾಡಿದೆ. `ex.map`ಗೆ `chunksize=100` ಕೊಟ್ಟೆ. ಕೆಲಸ ಶುರುವಾಗುವ ಭಾಗವನ್ನು `if __name__ == "__main__":` ಒಳಗೆ ಇಟ್ಟೆ. 11 ನಿಮಿಷ.

ಸರಿಯಾಗಿ ಹತ್ತೇ ಯಾಕಾಗಲಿಲ್ಲ ಅಂದರೆ, ಮೆಮೊರಿ ಬೇರೆಯಾದ್ದರಿಂದ ಪದಗಳನ್ನೂ ಉತ್ತರಗಳನ್ನೂ ಕಟ್ಟಿ ಕಳಿಸಬೇಕು, ಆ ಕಡೆ ಬಿಚ್ಚಬೇಕು. `chunksize` ಕೊಡದಿದ್ದರೆ ಒಂದೊಂದು ಪದಕ್ಕೂ ಒಂದೊಂದು ಗಂಟು. ಇನ್ನೊಂದು ತಪ್ಪು ಇದಕ್ಕಿಂತ ದುಬಾರಿ: 25,000 ಪದದ ಪಟ್ಟಿಯನ್ನು ಫಂಕ್ಷನ್‌ಗೆ ಆರ್ಗ್ಯುಮೆಂಟ್ ಆಗಿ ಕೊಡುವುದು. ಆಗ ಪ್ರತಿ ಗಂಟಿನಲ್ಲೂ ಇಡೀ ಪಟ್ಟಿ ಓಡಾಡುತ್ತದೆ. ಪಟ್ಟಿಯನ್ನು ಪ್ರತಿ ಪ್ರಾಸೆಸ್ ತಾನೇ ಒಮ್ಮೆ ಓದಿಕೊಳ್ಳುವಂತೆ ಮಾಡಿ. ನಾಲ್ಕು ಪ್ರತಿಯ ಮೆಮೊರಿ ಹೋಗುತ್ತದೆ, ಅದು ನಾವು ಕೊಡುವ ಬೆಲೆ.

ಈಗ ಕಥೆ ಬದಲಾಗುತ್ತಿದೆ. ಸ್ಯಾಮ್ ಗ್ರಾಸ್ ಅವರ ಕೆಲಸದಿಂದ ಹುಟ್ಟಿದ, ಗಿಲ್ ಇಲ್ಲದೆಯೂ ಪೈಥಾನ್ ಓಡುವಂತೆ ಮಾಡುವ ಪ್ರಸ್ತಾವವಾದ ಪೆಪ್ 703ಕ್ಕೆ 2023ರಲ್ಲಿ ಒಪ್ಪಿಗೆ ಸಿಕ್ಕಿತು. 2024ರ ಅಕ್ಟೋಬರ್‌ನಲ್ಲಿ ಬಂದ 3.13ರಲ್ಲಿ ಗಿಲ್ ಇಲ್ಲದ ಪೈಥಾನ್ ಪ್ರಯೋಗಕ್ಕೆ ಸಿಕ್ಕಿತು. 2025ರ 3.14ರಲ್ಲಿ ಅದಕ್ಕೆ ಅಧಿಕೃತ ಬೆಂಬಲವೂ ಬಂತು. ಇಂದಿಗೂ ಅದು ಬೇರೆಯಾಗಿ ಹಾಕಿಕೊಳ್ಳಬೇಕಾದ ಪೈಥಾನ್, ಮಾಮೂಲಿ 3.14ರಲ್ಲಿ ಗಿಲ್ ಇದ್ದೇ ಇದೆ. ಎಣಿಕೆಯ ಸಮಸ್ಯೆಯನ್ನು ಬಿಡಿಸಿದ ರೀತಿ ನನಗೆ ತುಂಬಾ ಹಿಡಿಸಿತು. ಪ್ರತಿ ವಸ್ತುವಿಗೂ ಎರಡು ಎಣಿಕೆ. ವಸ್ತುವನ್ನು ಹುಟ್ಟಿಸಿದ ಥ್ರೆಡ್‌ಗೆ ಒಂದು, ಅದನ್ನು ಯಾವ ರಕ್ಷಣೆಯೂ ಇಲ್ಲದೆ ಬೇಗ ಏರಿಸಿ ಇಳಿಸಬಹುದು. ಉಳಿದ ಎಲ್ಲರಿಗೂ ಇನ್ನೊಂದು, ಅದನ್ನು ಪ್ರೊಸೆಸರ್‌ನ ಸುರಕ್ಷಿತ ಆದರೆ ನಿಧಾನವಾದ ಸೂಚನೆಯಿಂದಲೇ ಬದಲಿಸಬೇಕು. ಹೆಚ್ಚಿನ ವಸ್ತುಗಳನ್ನು ಹುಟ್ಟಿಸಿದ ಥ್ರೆಡ್ ಬಿಟ್ಟು ಬೇರೆ ಯಾರೂ ಮುಟ್ಟುವುದಿಲ್ಲ ಅನ್ನುವ ಗಮನಿಕೆಯ ಮೇಲೆ ಇದು ನಿಂತಿದೆ. ಒಂದೇ ಥ್ರೆಡ್‌ನ ಕೋಡ್ 3.14ರಲ್ಲಿ ಶೇಕಡಾ 5ರಿಂದ 10ರಷ್ಟು ನಿಧಾನ, ಅಷ್ಟೇ.

ಹೋದ ವಾರ ಮೇಲಿನ ಥ್ರೆಡ್ ಕೋಡನ್ನೇ ಒಂದಕ್ಷರ ಬದಲಿಸದೆ ಗಿಲ್ ಇಲ್ಲದ `python3.14t`ಯಲ್ಲಿ ಓಡಿಸಿದೆ. `top`ನಲ್ಲಿ 390 ದಾಟಿದ್ದು ನೋಡಿ ನಿಜವಾಗಿ ಖುಷಿಯಾಯಿತು. 13 ನಿಮಿಷಕ್ಕೆ ಮುಗಿಯಿತು, ಪದಪಟ್ಟಿಯ ಪ್ರತಿ ಒಂದೇ. ನೀವೂ ಮಾಡಿ ನೋಡುವುದಾದರೆ, ನಿಮ್ಮ ಲೈಬ್ರರಿಗಳನ್ನೆಲ್ಲ ಇಂಪೋರ್ಟ್ ಮಾಡಿದ ಮೇಲೆ `sys._is_gil_enabled()` ಕೇಳಿ. ಗಿಲ್ ಇಲ್ಲದೆ ಓಡಬಲ್ಲೆ ಎಂದು ಹೇಳಿಕೊಳ್ಳದ ಒಂದೇ ಒಂದು ಹಳೆಯ ಸಿ ಲೈಬ್ರರಿ ಒಳಗೆ ಬಂದರೂ ಪೈಥಾನ್ ಒಂದು ಎಚ್ಚರಿಕೆ ಕೊಟ್ಟು ಗಿಲ್ ಅನ್ನು ಮತ್ತೆ ಹಾಕಿಬಿಡುತ್ತದೆ. ಆ ಎಚ್ಚರಿಕೆಯ ಸಾಲು ಕಣ್ಣು ತಪ್ಪಿದರೆ ಮತ್ತೆ ಅದೇ 42 ನಿಮಿಷ.