ಮಳೆಗಾಲದಲ್ಲಿ ಮಡಿಕೇರಿಗೆ ಬಂದವರಿಗೆ ಐವತ್ತು ಗಂಟೆಯ ಲೆಕ್ಕ

ಈ ಜೂನ್‌ನಲ್ಲಿ ನಮ್ಮ ಬ್ಯಾಂಕಿಗೆ ಕೊಪ್ಪಳ ಕಡೆಯ ಹುಡುಗಿಯೊಬ್ಬಳು ಬಂದಿದ್ದಾಳೆ. ಮೊದಲ ಪೋಸ್ಟಿಂಗೇ ಮಡಿಕೇರಿ. ಮೊನ್ನೆ ಊಟದ ಹೊತ್ತಿಗೆ ಡಬ್ಬಿ ತೆರೆದವಳು ಹಾಗೇ ಮುಚ್ಚಿಟ್ಟಳು. "ಅಕ್ಕಾ, ನಂಗ ಇಲ್ಲಿ ಆಗಂಗಿಲ್ರಿ, ಟ್ರಾನ್ಸ್‌ಫರ್ ಕೇಳ್ತೀನಿ" ಅಂದಳು. ಬಂದು ಮೂರೇ ವಾರ ಆಗಿದೆ. ಅವಳಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ, ಯಾಕಂದ್ರೆ ಐದು ವರ್ಷದ ಹಿಂದೆ ನಾನೂ ಅದನ್ನೇ ಹೇಳಿದ್ದೆ.

ನನ್ನದು ವಿಜಯಪುರ. ಬಿಸಿಲಲ್ಲಿ ಬೆಳೆದವಳು. ಇಲ್ಲಿ ಬಂದಾಗ ಒಗೆದ ಬಟ್ಟೆ ನಾಲ್ಕು ದಿನವಾದರೂ ಒಣಗಲಿಲ್ಲ. ಸಂಜೆ ಆರಕ್ಕೆಲ್ಲ ಮಂಜು, ಕರೆಂಟ್ ಹೋಗುತ್ತಿತ್ತು. ಏಳಕ್ಕೆ ಅವ್ವನಿಗೆ ವಿಡಿಯೊ ಕಾಲ್ ಮಾಡುತ್ತಿದ್ದೆ. ಅವಳು ಫೋನನ್ನು ಹಿಟ್ಟಿನ ಡಬ್ಬಿಗೆ ಒರಗಿಸಿಟ್ಟು ರೊಟ್ಟಿ ಬಡಿಯುತ್ತಿದ್ದಳು, ಆ ಸದ್ದು ಕೇಳುತ್ತಾ ನಾನು ಸುಮ್ನೆ ಮಲಗಿರುತ್ತಿದ್ದೆ, ಹತ್ತು ಗಂಟೆಯವರೆಗೂ. ಕಾಲ್ ಕಟ್ ಆದ ಮೇಲೆ ರೂಮು ಮೊದಲಿಗಿಂತ ಜಾಸ್ತಿ ಖಾಲಿ ಅನ್ನಿಸುತ್ತಿತ್ತು.

ಆಫೀಸಿನಲ್ಲಿ ಟೀ ಹೊತ್ತಿಗೆ ಎಲ್ಲರೂ ಕೊಡವ ತಕ್ಕಿಗೋ ಅರೆಭಾಷೆಗೋ ಜಾರುತ್ತಿದ್ದರು. ನಕ್ಕರೆ ನನ್ನ ಬಗ್ಗೆಯೇ ನಕ್ಕರು ಅಂದುಕೊಳ್ಳುತ್ತಿದ್ದೆ. ಆಮೇಲೆ ತಿಳಿಯಿತು, ಒಂಟಿತನದ ಕೆಲಸವೇ ಅದು. ಜಾನ್ ಕ್ಯಾಸಿಯೊಪ್ಪೊ ಅನ್ನುವ ಮನಶ್ಶಾಸ್ತ್ರಜ್ಞ ಇದರ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದವರು. ಹಸಿವಿನ ಹಾಗೆ ಒಂಟಿತನವೂ ದೇಹ ಕೊಡುವ ಒಂದು ಸೂಚನೆ ಅಂತಾರೆ ಅವರು. ಆದರೆ ಅದು ಬಹಳ ದಿನ ಉಳಿದರೆ ಮನಸ್ಸು ಎಲ್ಲರ ಮುಖದಲ್ಲೂ ತಿರಸ್ಕಾರವನ್ನೇ ಹುಡುಕುತ್ತದೆ. ಆಗ ನಾವೇ ದೂರ ಸರಿಯುತ್ತೇವೆ. ನಾನೂ ಟೀ ಕುಡಿಯಲು ಹೋಗುವುದನ್ನೇ ಬಿಟ್ಟಿದ್ದೆ.

ಇನ್ನು ಲೆಕ್ಕ. ಅಮೆರಿಕದ ಕಾನ್ಸಾಸ್ ವಿಶ್ವವಿದ್ಯಾಲಯದ ಜೆಫ್ರಿ ಹಾಲ್ ಅವರು 2018ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಇತ್ತೀಚೆಗೆ ಊರು ಬದಲಿಸಿದವರನ್ನು, ಹೊಸದಾಗಿ ಕಾಲೇಜು ಸೇರಿದವರನ್ನು ಮಾತಾಡಿಸಿದ್ದರು. ಬರೀ ಪರಿಚಯ ಇದ್ದವರು ಸಲುಗೆಯ ಗೆಳೆಯರಾಗಲು ಸುಮಾರು 50 ಗಂಟೆ ಜೊತೆಗಿರಬೇಕು. ಗೆಳೆಯರು ಅನ್ನಿಸಲು 90 ಗಂಟೆ. ಆಪ್ತರಾಗಲು 200ಕ್ಕೂ ಜಾಸ್ತಿ. ಅಲ್ಲಿಯವರ ಸರಾಸರಿ ಇದು, ಇಲ್ಲಿ ಹೆಚ್ಚುಕಡಿಮೆ ಆಗಬಹುದು. ಆದರೆ ಅದರಲ್ಲಿ ಇನ್ನೊಂದು ಮಾತಿದೆ: ಜೊತೆಗೆ ಕೆಲಸ ಮಾಡಿದ ಗಂಟೆಗಳು ಅಷ್ಟಾಗಿ ಲೆಕ್ಕಕ್ಕೆ ಬರುವುದಿಲ್ಲ. ಪಕ್ಕದ ಕೌಂಟರಿನವರ ಜೊತೆ ದಿನಕ್ಕೆ ಎಂಟು ಗಂಟೆ ಕೂತರೂ ಅವರು ಯಾಕೆ ಪರಕೀಯರಾಗೇ ಉಳಿಯುತ್ತಾರೆ ಅಂತ ನನಗೆ ಅರ್ಥವಾಗಿದ್ದು ಆಗ.

ನನ್ನ ಗಂಟೆಗಳು ಶುರುವಾಗಿದ್ದು ಕಣಿಲೆಯಿಂದ, ಅಂದರೆ ಎಳೆ ಬಿದಿರಿನ ಮೊಳಕೆಯಿಂದ. ಕೆಳಗಿನ ಮನೆಯ ಆಂಟಿ ಒಂದು ಸಂಜೆ ಜಗಲಿಯಲ್ಲಿ ಕಣಿಲೆ ಹೆಚ್ಚುತ್ತಾ ಕೂತಿದ್ದರು. "ಕರೆಂಟಿಲ್ಲ, ಮೇಲೆ ಒಬ್ಬಳೇ ಏನು ಮಾಡ್ತೀಯ ಮಗಾ, ಬಾ" ಅಂದರು. ಸಿಪ್ಪೆ ಪದರ ಪದರವಾಗಿ ಬಿಡಿಸಿ, ಒಳಗಿನ ಬೆಳ್ಳಗಿನ ಎಳೆ ಭಾಗವನ್ನು ತೆಳ್ಳಗೆ ಹೆಚ್ಚಿ ನೀರಿಗೆ ಹಾಕಬೇಕು, ಆ ನೀರನ್ನು ದಿನಾ ಬದಲಿಸಬೇಕು. ಕೈಗೆ ಕೆಲಸ ಇದ್ದರೆ ಮಾತು ಬರದಿದ್ದರೂ ಮುಜುಗರ ಆಗಲ್ಲ. ಮಾರನೇ ದಿನ ನೀರು ಬದಲಿಸುವ ನೆಪದಲ್ಲಿ ಮತ್ತೆ ಹೋದೆ. ವಾರಕ್ಕೆ ನಾಲ್ಕು ಸಂಜೆ, ದಿನಕ್ಕೆ ಒಂದು ಗಂಟೆ. ಹೀಗಾದರೆ ಐವತ್ತು ಗಂಟೆಗೆ ಹನ್ನೆರಡು ಹದಿಮೂರು ವಾರ ಬೇಕು. ಜೂನ್‌ನಲ್ಲಿ ಬಂದವರಿಗೆ ಸೆಪ್ಟೆಂಬರ್ ಆಗುತ್ತದೆ. ಮೂರನೇ ವಾರದಲ್ಲಿ ಈ ಊರು ಆಗಲ್ಲ ಅಂತ ತೀರ್ಮಾನ ಮಾಡುವುದು ಅಂದರೆ ಹನ್ನೆರಡು ಗಂಟೆಗೇ ಎದ್ದು ಹೋದ ಹಾಗೆ. ಅದೂ ಆ ಹನ್ನೆರಡು ಗಂಟೆಯಾದರೂ ಆಗಿದ್ದರೆ!

ಹಾಗಾಗಿ ನನ್ನ ಅಭಿಪ್ರಾಯ, ಎಷ್ಟೋ ಜನಕ್ಕೆ ಇಷ್ಟವಾಗಲಿಕ್ಕಿಲ್ಲ: ಮನೆಗೆ ದಿನಾ ಮೂರು ಗಂಟೆ ಫೋನ್ ಮಾಡಬೇಡಿ. ಹೊಸ ಜನರಿಗೆ ಸಿಗಬೇಕಾದ ಸಂಜೆಗಳನ್ನು ಅದು ತಿಂದುಹಾಕುತ್ತದೆ. ನಾನು ಊಟದ ನಂತರದ ಇಪ್ಪತ್ತು ನಿಮಿಷಕ್ಕೆ ಇಳಿಸಿದೆ. ಮೊದಲ ವಾರ ಅವ್ವ ಅತ್ತಳು, ನಾನೂ ಅತ್ತೆ. ಆಮೇಲೆ ಅವಳಿಗೆ ಹೇಳಲು ನನ್ನ ಹತ್ತಿರ ಸುದ್ದಿ ಇರುತ್ತಿತ್ತು. ಆಗಸ್ಟ್ 3ಕ್ಕೆ ಕಕ್ಕಡ ಹದಿನೆಂಟು, ಅಂದರೆ ಕೊಡವರ ಕಕ್ಕಡ ತಿಂಗಳ ಹದಿನೆಂಟನೇ ದಿನ. ಆಂಟಿ ಮದ್ದು ಸೊಪ್ಪು ಕುದಿಸಿ, ಕಡು ನೇರಳೆ ಬಣ್ಣದ ಪಾಯಸ ಮಾಡಿ ಮೊದಲ ಲೋಟ ನನಗೆ ಕೊಟ್ಟರು. ಆ ರಾತ್ರಿ ಅವ್ವನ ಜೊತೆ ಮಾತಾಡಿದ್ದೆಲ್ಲಾ ಆ ಪಾಯಸದ ಬಗ್ಗೆಯೇ.

ಆದರೆ ಎಲ್ಲವೂ ಈ ಲೆಕ್ಕದಲ್ಲಿ ಮುಗಿಯುವುದಿಲ್ಲ. ಎರಡು ವಾರವಾದರೂ ನಿದ್ದೆ ಇಲ್ಲ, ಊಟ ಸೇರುತ್ತಿಲ್ಲ, ಯಾವುದರಲ್ಲೂ ಮನಸ್ಸಿಲ್ಲ ಅಂದರೆ ಅದು ಬರೀ ಊರಿನ ನೆನಪಲ್ಲ. ಬದುಕೇ ಬೇಡ ಅನ್ನಿಸಿದರಂತೂ ಎರಡು ವಾರ ಕಾಯಲೇಬೇಡಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416 ಇದೆ, ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ಕೊಪ್ಪಳದ ಹುಡುಗಿ ಡಬ್ಬಿ ಮುಚ್ಚಿಟ್ಟದ್ದನ್ನು ನೋಡಿದಾಗಲೇ ನಾನು ಅದನ್ನೂ ಕೇಳಿದೆ. ನಿದ್ದೆ ಬರುತ್ತದಂತೆ, ಬೆಳಗ್ಗೆ ತಿಂಡಿ ತಿನ್ನುತ್ತಾಳಂತೆ. ಭಾನುವಾರ ಆಂಟಿ ಮನೆಗೆ ಕಣಿಲೆ ಹೆಚ್ಚಲು ಕರೆದಿದ್ದೇನೆ. ಕತ್ತಿ ಹಿಡಿಯಲು ಬರಲ್ಲ ಅಂದಳು. ನೀರು ಬದಲಿಸಲು ಬರುತ್ತದಲ್ವಾ ಅಂದೆ. ಬರ್ತೀನಿ ಅಂದಿದ್ದಾಳೆ.