ಮೊದಲು ಆ ಉಜ್ಜುವುದನ್ನು ನಿಲ್ಲಿಸಿ

ನಿನ್ನೆ ಒಂದು ಮನೆಯಲ್ಲಿ ಎಲ್ಲರೂ ಕುಳಿತಿದ್ದಾಗ ಹಿರಿಯರೊಬ್ಬರು ನನ್ನ ಅಕ್ಕನ ಮಗಳ ಮುಖದ ಮೊಡವೆಗಳನ್ನು ನೋಡಿ, "ಮುಖ ಸರಿಯಾಗಿ ತೊಳೆದುಕೊಳ್ಳುವುದಿಲ್ಲವೇನಮ್ಮಾ?" ಎಂದು ಕೇಳಿಯೇ ಬಿಟ್ಟರು. ಅವಳು ಪ್ರಯೋಗಾಲಯದಲ್ಲಿ ದಿನವಿಡೀ ಮಾಸ್ಕ್ ತೊಟ್ಟು ಕೆಲಸ ಮಾಡುವವಳು. ಹೋಗಿ ಬರುವಾಗ ಹಣೆಯವರೆಗೂ ಸ್ಕಾರ್ಫ್ ಬಿಗಿದುಕೊಳ್ಳುತ್ತಾಳೆ. ಆ ಮಾತಿಗೆ ತಲೆ ತಗ್ಗಿಸಿ ಎದ್ದು ಹೋದಳು. ರಾತ್ರಿ ಸ್ಕ್ರಬ್ ಹಾಕಿ ಮುಖವನ್ನು ತಿಕ್ಕಿ ತೊಳೆದಿದ್ದಾಳೆ. ಬೆಳಿಗ್ಗೆ ನೋಡಿದರೆ ಗಲ್ಲವೆಲ್ಲ ಕೆಂಪು. ಇಷ್ಟು ವಾರ ತಾಳ್ಮೆಯಿಂದ ಹತೋಟಿಗೆ ತಂದದ್ದು ಒಂದೇ ಮಾತಿಗೆ ಹಾಳಾಯಿತು. ನನ್ನ ಸಿಟ್ಟು ಇನ್ನೂ ಇಳಿದಿಲ್ಲ.

ನಾನು ಚರ್ಮರೋಗ ವಿಭಾಗದಲ್ಲಿ ನರ್ಸ್ ಆಗಿದ್ದವಳೆಂದು ನಿಮಗೆ ಗೊತ್ತು. "ತೊಳೆದರೆ ಹೋಗುತ್ತದೆ" ಎಂಬ ಮಾತು ಕೇಳಿ ಮುಖ ಕೆಡಿಸಿಕೊಂಡು ಬಂದ ಎಷ್ಟೋ ಮಕ್ಕಳನ್ನು ಅಲ್ಲಿ ನೋಡಿದ್ದೇನೆ.

ಅವಳ ಮುಖವನ್ನು ಒಮ್ಮೆ ಸರಿಯಾಗಿ ನೋಡಿದ್ದರೆ ಸಾಕಿತ್ತು. ಮೊಡವೆಗಳು ಮೂಗಿನ ಏಣಿನಲ್ಲಿ, ಕೆನ್ನೆಯ ಮೇಲೆ ಮಾಸ್ಕಿನ ಅಂಚು ಕೂರುವ ಗೆರೆಯಲ್ಲಿ, ಗಲ್ಲದ ಕೆಳಗೆ ಸಾಲಾಗಿವೆ. ಬಟ್ಟೆ ಮುಟ್ಟದ ಕಡೆ ಚರ್ಮ ನಯವಾಗಿದೆ. ಕೊಳೆಯಿಂದ ಬಂದದ್ದಾಗಿದ್ದರೆ ಹೀಗೆ ಗೆರೆ ಹಿಡಿದು ಬರುತ್ತಿತ್ತೇ? ಉಜ್ಜಾಟ ಮತ್ತು ಒತ್ತಡದಿಂದ ಬರುವ ಇಂತಹ ಮೊಡವೆಗೆ ವೈದ್ಯರು ‘ಆಕ್ನೆ ಮೆಕ್ಯಾನಿಕಾ’ ಎನ್ನುತ್ತಾರೆ. 1975ರಷ್ಟು ಹಿಂದೆಯೇ ಈ ಹೆಸರು ವೈದ್ಯಕೀಯ ಬರಹಗಳಲ್ಲಿ ಬಂದಿದೆ. ಹೆಲ್ಮೆಟ್ ಪಟ್ಟಿ ಬಿಗಿಯುವ ಆಟಗಾರರ ಗಲ್ಲದಲ್ಲೂ ಇದೇ ಕಾಣುತ್ತದೆ.

ಒಳಗೆ ಆಗುವುದು ಇಷ್ಟು. ಉಸಿರಿನ ತೇವ ಮತ್ತು ಬೆವರು ಬಟ್ಟೆಯ ಹಿಂದೆ ಸಿಕ್ಕಿಕೊಳ್ಳುತ್ತವೆ. ಚರ್ಮದ ಹೊರಪದರ, ನೀರಿನಲ್ಲಿ ಬಹಳ ಹೊತ್ತು ಇಟ್ಟ ಬೆರಳ ತುದಿಯಂತೆ, ಊದಿಕೊಳ್ಳುತ್ತದೆ. ರಂಧ್ರಗಳ ಬಾಯಿ ಕಿರಿದಾಗಿ ಜಿಡ್ಡು ಒಳಗೇ ಉಳಿಯುತ್ತದೆ. ತುಸು ತೇವವಾದ ಚರ್ಮಕ್ಕೆ ಬಟ್ಟೆ ಹೆಚ್ಚು ಹಿಡಿದುಕೊಳ್ಳುವುದರಿಂದ ಮಾತನಾಡಿದಾಗಲೆಲ್ಲ ತಿಕ್ಕಾಟವೂ ಹೆಚ್ಚು. ತುಂಬಿ ನಿಂತ ರಂಧ್ರದ ಗೋಡೆ ಆ ಒತ್ತಡಕ್ಕೆ ಒಡೆದರೆ ಕೆಂಪಾಗಿ ನೋಯುವ ಗುಳ್ಳೆ ಏಳುತ್ತದೆ. ಇದರ ಮೇಲೆ ಸ್ಕ್ರಬ್ ಹಾಕಿ ತಿಕ್ಕುವುದೆಂದರೆ ಬಟ್ಟೆ ಮಾಡಿದ ಕೆಲಸವನ್ನೇ ಕೈಯಿಂದ ಮುಂದುವರಿಸುವುದು. ಪದೇಪದೇ ಸೋಪು ಹಾಕಿದರೆ ಚರ್ಮದ ಮೇಲಿನ ರಕ್ಷಕ ಎಣ್ಣೆಯಂಶವೂ ಹೋಗುತ್ತದೆ. ನೀರು ತಾಗಿದರೆ ಉರಿ, ತೊಳೆದ ಮೇಲೆ ಬಿಗಿತ, ಸಿಪ್ಪೆ ಏಳುವುದು, ಇವು ಕಂಡರೆ ತೊಳೆದದ್ದು ಅತಿಯಾಗಿದೆ ಎಂದೇ ತಿಳಿಯಿರಿ.

ಸ್ವಚ್ಛತೆ ಬೇಡವೇ ಎಂದು ಕೇಳುವವರಿದ್ದಾರೆ. ಬೇಕು, ಬಟ್ಟೆಗೆ! ಮಾಸ್ಕ್ ಒದ್ದೆಯಾದೊಡನೆ ಬದಲಾಗಬೇಕು. ಸ್ಕಾರ್ಫ್ ಒಗೆದಾಗ ಸೋಪಿನಂಶ ಪೂರ್ತಿ ಹೋಗುವಂತೆ ಜಾಲಾಡಿಸಬೇಕು. ಅದನ್ನು ಬಿಟ್ಟು ಮುಖವನ್ನೇ ಬಟ್ಟೆಯಂತೆ ಒಗೆಯಬೇಕೆಂದರೆ ನಾನು ಒಪ್ಪುವುದಿಲ್ಲ.

ಅವಳಿಗೆ ವೈದ್ಯರು ಹೇಳಿದ್ದು ಬಹಳ ಸರಳ. ಸೋಪಿನಂಶವಿಲ್ಲದ ಮೃದುವಾದ ಕ್ಲೆನ್ಸರ್‌ನಿಂದ ಬೆಳಿಗ್ಗೆ ಒಮ್ಮೆ, ಮನೆಗೆ ಬಂದಮೇಲೆ ಒಮ್ಮೆ, ಬೆರಳಿನಿಂದಷ್ಟೇ ತೊಳೆಯುವುದು. ಒರೆಸುವಾಗ ತಿಕ್ಕದೆ ಒತ್ತಿ ನೀರು ತೆಗೆಯುವುದು. ಮಾಸ್ಕ್ ಹಾಕುವ ಅರ್ಧ ಗಂಟೆ ಮುಂಚೆ ಸುವಾಸನೆ ಇಲ್ಲದ ಮಾಯಿಶ್ಚರೈಸರ್ ತೆಳುವಾಗಿ ಹಚ್ಚುವುದು. ಅಡಿಯಲ್ಲಿ ಮೇಕಪ್ ಇಲ್ಲ. ಉರಿ ನಿಂತ ಮೇಲಷ್ಟೇ ಮೊಡವೆಯ ಮದ್ದು: ಶೇ. 2.5ರ ಬೆಂಜಾಯ್ಲ್ ಪೆರಾಕ್ಸೈಡ್, ಮೊದಮೊದಲು ದಿನ ಬಿಟ್ಟು ದಿನ ರಾತ್ರಿ. ಶೇ. 10ರದ್ದು ತಂದರೆ ಬೇಗ ವಾಸಿ ಎಂದುಕೊಳ್ಳಬೇಡಿ. ಗುಣ ಹೆಚ್ಚುಕಡಿಮೆ ಅಷ್ಟೇ, ಉರಿ ಮಾತ್ರ ಹೆಚ್ಚು. ಈ ಮದ್ದು ದಿಂಬಿನ ಹೊದಿಕೆಗೆ, ಸ್ಕಾರ್ಫ್‌ಗೆ ತಾಗಿದರೆ ಅವುಗಳ ಬಣ್ಣ ಹೋದೀತು. ಗುಣ ಕಾಣಲು ಆರರಿಂದ ಎಂಟು ವಾರ ಬೇಕು. ಆ ಅವಧಿಯ ನಡುವೆಯೇ ನಿನ್ನೆಯ ಮಾತು ಬಂದು ಬಿದ್ದದ್ದು. ಈಗ ಮದ್ದು ನಿಲ್ಲಿಸಿ, ಮತ್ತೆ ಉರಿ ತಣಿಯುವವರೆಗೂ ಮಾಯಿಶ್ಚರೈಸರ್ ಒಂದೇ.

ಸ್ಕಾರ್ಫ್ ಕಟ್ಟುವವರಿಗೆ ಇನ್ನೊಂದು ಮಾತು. ಹಣೆಯ ಮೇಲ್ಗಡೆ, ಕೂದಲಂಚಿನಲ್ಲಿ ಒಂದೇ ಗಾತ್ರದ ಸಣ್ಣ ಗುಳ್ಳೆಗಳು ಗುಂಪಾಗಿ ಎದ್ದು, ನೋವಿಗಿಂತ ತುರಿಕೆಯೇ ಹೆಚ್ಚಾಗಿದ್ದರೆ ಅದು ಮೊಡವೆಯೇ ಅಲ್ಲದಿರಬಹುದು. ಬೆಚ್ಚನೆಯ ತೇವದಲ್ಲಿ ಹೆಚ್ಚುವ ಮಲಾಸೀಜಿಯ ಎಂಬ ಶಿಲೀಂಧ್ರ ಕೂದಲ ಬುಡದಲ್ಲಿ ಹೀಗೆ ಮಾಡುತ್ತದೆ. ಮೊಡವೆಗೆಂದು ಕೊಡುವ ಆ್ಯಂಟಿಬಯೋಟಿಕ್ ಇದಕ್ಕೆ ನಾಟುವುದಿಲ್ಲ, ಕೆಲವೊಮ್ಮೆ ಹೆಚ್ಚಿಸುವುದೂ ಉಂಟು. ಶಿಲೀಂಧ್ರದ ಮದ್ದೇ ಬೇಕು, ಅದನ್ನು ಚರ್ಮದ ವೈದ್ಯರು ನೋಡಿ ಬರೆಯಲಿ. ಅಲ್ಲಿಯವರೆಗೆ ಸ್ಕಾರ್ಫ್ ಸ್ವಲ್ಪ ಸಡಿಲವಿರಲಿ, ತಲೆಗೆ ಸ್ನಾನ ಮಾಡಿದ ದಿನ ಕೂದಲು ಪೂರ್ತಿ ಒಣಗಿದ ಮೇಲೆ ಕಟ್ಟಿಕೊಳ್ಳಿ.