ರಿಟರ್ನ್ ವಿಂಡೋ ಮುಚ್ಚಿದೆ, ನೀರು ಬರ್ತಿದೆ

ಇವತ್ತು ಬೆಳಿಗ್ಗೆ ಮೊಬೈಲಿಗೆ ಒಂದು ಮೆಸೇಜ್ ಬಂತು. ‘ನಿಮ್ಮ ಹೊಸ ಕಾರಿನ ಅನುಭವಕ್ಕೆ ಹತ್ತರಲ್ಲಿ ಎಷ್ಟು ಅಂಕ ಕೊಡುತ್ತೀರಿ?’ ನಾನಾಗ ಅದೇ ಕಾರಿನ ಮ್ಯಾಟನ್ನು ಜಗಲಿಯ ತಂತಿಗೆ ಒಣ ಹಾಕುತ್ತಿದ್ದೆ. ಆಷಾಢದಲ್ಲಿ ತೀರ್ಥಹಳ್ಳಿ ಕಡೆ ಮ್ಯಾಟ್ ಒಣಗೋದು ಅಂದರೆ ಏನು ಅಂತ ನಿಮಗೆ ಹೇಳಬೇಕಾಗಿಲ್ಲ. ಅದರ ಪಕ್ಕದಲ್ಲೇ ಮೂರು ದಿನದ ಹಿಂದೆ ಹಾಕಿದ ಬನಿಯನ್ನು ಇನ್ನೂ ತೊಟ್ಟಿಕ್ಕುತ್ತಿತ್ತು.

ಈ ಕಾರು ನಾನು ಆ್ಯಪ್‌ನಲ್ಲಿ ಕೊಂಡದ್ದು. ಹಳೇ ಕಾರನ್ನು ತಿಕ್ಕಿ ತೊಳೆದು, ಪಾಲಿಶ್ ಹೊಡೆದು, ಇನ್ನೂರು ಪಾಯಿಂಟ್ ಚೆಕ್ ಮಾಡಿದ್ದೇವೆ ಅಂತ ಮಾರುತ್ತಾರಲ್ಲ, ಅಂಥದ್ದು. ಅದಕ್ಕೂ ಮುಂಚೆ ಪೇಟೆಯಲ್ಲೇ ಇರುವ ನಿವೃತ್ತ ಮೇಷ್ಟ್ರೊಬ್ಬರ ಕಾರು ನೋಡಿದ್ದೆ. ಅದೇ ಮಾಡೆಲು, ಅದೇ 2017. ಮೇಷ್ಟ್ರು ಹೇಳಿದ್ದು ಮೂರೂಕಾಲು ಲಕ್ಷ, ಆ್ಯಪ್‌ನವರದ್ದು ಮೂರು ಲಕ್ಷ ತೊಂಬತ್ತೈದು ಸಾವಿರ. ಆ ಎಪ್ಪತ್ತು ಸಾವಿರ ಯಾಕೆ ಜಾಸ್ತಿ ಕೊಟ್ಟೆ ಅಂತೀರಾ? ಮೇಷ್ಟ್ರ ನೋಟ್ ಪುಸ್ತಕದ ದೆಸೆಯಿಂದ.

ಕಾರು ತೋರಿಸಿ ಅಂದರೆ ಅವರು ಮೊದಲು ಪುಸ್ತಕ ತೆಗೆದರು. ಇನ್ನೂರು ಪುಟದ್ದು, ಕಂದು ಬೈಂಡು, ಮೇಲೆ ಅಚ್ಚುಕಟ್ಟಾಗಿ ಲೇಬಲ್ಲು. ಕಾರು ಮನೆಗೆ ಬಂದ ದಿನದಿಂದ ಹಾಕಿಸಿದ ಪ್ರತಿ ಲೀಟರ್ ಪೆಟ್ರೋಲಿನ ಲೆಕ್ಕ ಅದರಲ್ಲಿತ್ತು. ಓದಿಕೊಳ್ಳಿ ಅಂತ ಕೈಗೆ ಕೊಟ್ಟಿದ್ದರೆ ಆಗುತ್ತಿತ್ತು. ಅವರೇ ಓದಿದರು. ಅದೂ ಪಾಠದ ದನಿಯಲ್ಲಿ, ಅಲ್ಪವಿರಾಮಕ್ಕೆಲ್ಲ ನಿಲ್ಲಿಸಿ. ‘ಹದಿನೆಂಟು ಲೀಟರ್, ಮುನ್ನೂರ ಹತ್ತು ಕಿಲೋಮೀಟರ್. ಅದರಲ್ಲಿ ಆಗುಂಬೆ ಘಾಟಿ ಒಂದು ಸಲ, ಏಸಿ ಇಲ್ಲ, ಹಿಂದಿನ ಸೀಟಿನಲ್ಲಿ ನಮ್ಮತ್ತೆ.’ ಅತ್ತೆ ಕೂತರೆ ಮೈಲೇಜು ಎಷ್ಟು ಇಳಿಯುತ್ತದೆ ಅನ್ನುವುದಕ್ಕೆ ಬೇರೆ ಕಾಲಂ ಇತ್ತು! ಕಾಫಿ ಬಂತು, ಕೋಡುಬಳೆ ಬಂತು, ಇನ್ನೊಂದು ಕಾಫಿ ಬಂತು. ಎರಡು ಗಂಟೆ ಕಳೆದರೂ ನಾವಿನ್ನೂ 2019ರ ದೀಪಾವಳಿಯಲ್ಲೇ ಇದ್ದೆವು. ನನ್ನವಳು ನನ್ನ ಕಾಲು ತುಳಿದಳು.

ಎದ್ದು ಬರಲು ಒಂದು ನೆಪ ಬೇಕಿತ್ತು, ಸಿಕ್ಕಿತು. ಆರ್‌ಸಿಯಲ್ಲಿ ಇನ್ನೂ ಬ್ಯಾಂಕಿನ ಹೆಸರಿತ್ತು. ‘ಸಾಲ ತೀರಿಸಿ ನಾಲ್ಕು ವರ್ಷ ಆಯ್ತು ಮಾರಾಯ್ರೆ’ ಅಂದರು. ತೀರಿಸಿದರೆ ಸಾಲದು. ಬ್ಯಾಂಕಿನಿಂದ ಎನ್‌ಒಸಿ ತಂದು, ಫಾರಂ 35 ಕೊಟ್ಟು ಆ ಹೆಸರು ತೆಗೆಸಬೇಕು. ಆಮೇಲೆ 29, 30 ಅಂತ ಇನ್ನೆರಡು ಫಾರಂ ಕೊಟ್ಟರೆ ಕಾರು ನಮ್ಮ ಹೆಸರಿಗೆ ಬರುತ್ತದೆ. ಎನ್‌ಒಸಿ ಎಲ್ಲಿ ಅಂದರೆ ಮೇಷ್ಟ್ರು ಅಟ್ಟದ ಕಡೆ ನೋಡಿದರು. ನಾನು ಬಾಗಿಲ ಕಡೆ ನೋಡಿದೆ.

ಆ್ಯಪ್‌ನಲ್ಲಿ ಇಂಥ ರಗಳೆಯೇ ಇಲ್ಲ. ಕಾಗದಪತ್ರ ಅವರದ್ದೇ ಜವಾಬ್ದಾರಿ. ಮೇಲಾಗಿ ಇಷ್ಟವಾಗದಿದ್ದರೆ ಐದು ದಿನದಲ್ಲಿ ವಾಪಸ್ ಕೊಡಬಹುದು, ಪೂರ್ತಿ ದುಡ್ಡು ಕೊಡುತ್ತಾರೆ. ಕೆಳಗಡೆ ಇರುವೆ ಸಾಲಿನಂಥ ಅಕ್ಷರದಲ್ಲಿ ‘ಅಥವಾ 300 ಕಿಲೋಮೀಟರ್, ಯಾವುದು ಮೊದಲೋ ಅದು’ ಅಂತ ಇತ್ತು. ಅದನ್ನು ಓದಿದ್ದೆ. ಆದರೆ ನಮ್ಮ ಪಿನ್‌ಕೋಡಿಗೆ ಡೆಲಿವರಿ ಇಲ್ಲ, ಬೆಂಗಳೂರಿಗೇ ಬಂದು ಒಯ್ಯಬೇಕು ಅಂದಾಗ ಕೂಡಿಸಿ ನೋಡುವ ಬುದ್ಧಿ ಬರಲಿಲ್ಲ. ಬೆಂಗಳೂರಿನಿಂದ ಶಿವಮೊಗ್ಗಕ್ಕೇ ಮುನ್ನೂರರ ಹತ್ತಿರ. ಅಲ್ಲಿಂದ ನಮ್ಮೂರಿಗೆ ಇನ್ನೂ ಅರವತ್ತರ ಮೇಲೆ. ಅಂದರೆ ಆ ಐದು ದಿನ ಬೆಂಗಳೂರಿನವರಿಗೆ ಐದು ದಿನ, ನಮಗೆ ಸುಮಾರು ಏಳು ಗಂಟೆ.

ಲೆಕ್ಕ ಹೊಳೆದದ್ದು ಭದ್ರಾವತಿ ದಾಟಿದ ಮೇಲೆ. ನನ್ನವಳು ಮೀಟರ್ ನೋಡುತ್ತಾ ಬಸ್ ಕಂಡಕ್ಟರಿನ ಹಾಗೆ ಕೂಗತೊಡಗಿದಳು. ತುಂಗಾ ಸೇತುವೆ ಮೇಲೆ ಮುನ್ನೂರು ಮುಗಿಯಿತು. ಗಾಜನೂರಿನಲ್ಲಿ ಮಳೆ ಹಿಡಿಯಿತು. ಮಂಡಗದ್ದೆ ಬರುವಷ್ಟರಲ್ಲಿ ‘ಹೋಯ್, ನನ್ನ ಕಾಲು ಒದ್ದೆ ಆಗ್ತಿದೆ’ ಅಂದಳು.

ಡ್ಯಾಶ್‌ಬೋರ್ಡಿನ ಅಡಿಯಿಂದ ಅವಳ ಪಾದದ ಮೇಲೆ ತೊಟ್ಟು ತೊಟ್ಟಾಗಿ ನೀರು. ಏಸಿ ನೀರಿರಬೇಕು ಅಂದುಕೊಂಡು ಏಸಿ ಆರಿಸಿದೆ, ನಿಲ್ಲಲಿಲ್ಲ. ರೇಡಿಯೇಟರಿನ ಕೂಲಂಟ್ ಆಗಿದ್ದರೆ ಅಂಟು ಇರುತ್ತದೆ, ಸಿಹಿ ವಾಸನೆ ಬರುತ್ತದೆ. ಇದು ಹಾಲಿಲ್ಲದ ಚಹಾದ ಬಣ್ಣ, ಕೊಳೆತ ಸೊಪ್ಪಿನ ವಾಸನೆ. ಮಳೆನೀರೇ ಅಂತ ಗೊತ್ತಾಯಿತು.

ಕಂಪನಿಗೆ ಫೋನ್ ಹಚ್ಚಿದೆ. ‘ಸರ್, ನಿಮ್ಮ ರಿಟರ್ನ್ ವಿಂಡೋ ಕ್ಲೋಸ್ ಆಗಿದೆ’ ಅಂದಳು ಹುಡುಗಿ. ಸ್ಪೀಕರಿನಲ್ಲಿ ಕೇಳಿಸಿಕೊಂಡ ನನ್ನವಳು ‘ಎಲ್ಲಾ ವಿಂಡೋನೂ ಕ್ಲೋಸ್ ಮಾಡಿದೀವಮ್ಮ, ಆದ್ರೂ ನೀರು ಬರ್ತಿದೆ’ ಅಂದಳು. ವಾರಂಟಿ ಕೇಳಿದೆ. ಅದು ಇಂಜಿನ್ನು, ಗೇರ್‌ಬಾಕ್ಸಿಗಂತೆ. ನೀರು ಸೋರೋದು ಅದರಲ್ಲಿ ಬರಲ್ಲವಂತೆ. ಬೆಂಗಳೂರಿಗೆ ತಂದರೆ ‘ನೋಡಬಹುದು’ ಅಂತೆ.

ಹಾಳಾಗಲಿ, ಬೈಬ್ಯಾಕ್ ಗ್ಯಾರಂಟಿ ಇದೆಯಲ್ಲ, ವರ್ಷ ಓಡಿಸಿ ಅವರಿಗೇ ಕೊಟ್ಟುಬಿಡೋಣ ಅಂತ ಆ ಕಾಗದ ಬಿಚ್ಚಿದೆ. ವರ್ಷದೊಳಗೆ ಕೊಟ್ಟರೆ ಎರಡು ಲಕ್ಷ ತೊಂಬತ್ತೈದು ಸಾವಿರ. ಒಂದು ಲಕ್ಷ ಹೋಗೋದಂತೂ ಗ್ಯಾರಂಟಿ. ಆದರೆ ಹತ್ತು ಸಾವಿರ ಕಿಲೋಮೀಟರ್ ದಾಟಿರಬಾರದು, ಅವರು ಹೇಳಿದ ಕಡೆಯೇ ಸರ್ವಿಸ್ ಆಗಿರಬೇಕು. ನಾನು ದಿನಾ ಪೇಟೆಗೆ ಹೋಗಿ ಬಂದರೆ 36 ಕಿಲೋಮೀಟರ್. ಮುನ್ನೂರು ದಿನಕ್ಕೆ 10,800. ಬೆಂಗಳೂರಿಗೆ ಸರ್ವಿಸ್ಸಿಗೆ ಹೋಗೋದು ಬೇರೆ. ಗ್ಯಾರಂಟಿ ಉಳಿಯಬೇಕಾದರೆ ಕಾರನ್ನು ಕೊಟ್ಟಿಗೆಯಲ್ಲಿ ಕಟ್ಟಿ ಹಾಕಿ ಹುಲ್ಲು ಹಾಕಬೇಕು.

ಈ ನಡುವೆ ಮೇಷ್ಟ್ರ ಕಾರನ್ನು ಪಕ್ಕದ ತೋಟದ ಭಾವ ಕೊಂಡ. ಬ್ಯಾಂಕಿನಿಂದ ಹೊಸ ಎನ್‌ಒಸಿ ಬರೆಸಿ, ಶಿವಮೊಗ್ಗ ಆರ್‌ಟಿಒಗೆ ಮೂರು ಸಲ ಓಡಾಡಿ, ಹೆಸರು ಬದಲಾಗಲು ಒಂದೂವರೆ ತಿಂಗಳು ಹಿಡಿಯಿತು. ಮೂರನೇ ವಾರಕ್ಕೆ ಕ್ಲಚ್ ಹೋಯಿತು. ಮೇಷ್ಟ್ರ ಹತ್ತಿರ ಹೋದರೆ ‘ಕೊಡುವಾಗ ಸರಿ ಇತ್ತಲ್ಲ’ ಅಂದರಂತೆ. ಒಂದು ಪೈಸೆ ಬಿಚ್ಚಲಿಲ್ಲ. ಇದನ್ನು ಕೇಳಿ ನನಗೆ ಖುಷಿಯಾಯಿತು ಅಂತ ಬರೆದರೆ ಭಾವ ಓದಿಬಿಡುತ್ತಾನೆ.

ಹೋದ ವಾರ ಸಂತೆಯಲ್ಲಿ ಮೇಷ್ಟ್ರು ಸಿಕ್ಕರು. ಸುಮ್ನೆ ಮಾತಿಗೆ ನೀರಿನ ಕಥೆ ಹೇಳಿದೆ. ‘ಎಡಗಾಲಿಗಾ?’ ಅಂದವರೇ ಮನೆಗೆ ಎಳೆದುಕೊಂಡು ಹೋದರು. ಪುಸ್ತಕ ಬಂತು. ಬೆರಳಿಗೆ ಎಂಜಲು ಹಚ್ಚಿ ಹಾಳೆ ತಿರುವಿದರು. ‘ಜುಲೈ 14. ಎಡಗಡೆ ಕಾಲಡಿ ನೀರು. ವೈಪರ್ ಕೆಳಗಿನ ಜಾಲರಿ ಬಿಚ್ಚಿಸಿ ಕಸ ತೆಗೆಸಿದೆ. ನೂರೈವತ್ತು ರೂಪಾಯಿ.’

ಗಾಜಿನ ಮೇಲೆ ಬಿದ್ದ ಮಳೆಯೆಲ್ಲ ಆ ಜಾಲರಿಯೊಳಗೆ ಇಳಿದು ಅಕ್ಕಪಕ್ಕದ ತೂತಿನಿಂದ ಹೊರಗೆ ಹೋಗಬೇಕು. ತೂತು ಕಟ್ಟಿದರೆ ನೀರು ಒಳಗೇ ಏರುತ್ತದೆ. ಅಲ್ಲೇ ಪಕ್ಕದಲ್ಲಿ ಫ್ಯಾನಿಗೆ ಗಾಳಿ ಹೋಗುವ ದಾರಿ. ನೀರು ಅದರೊಳಗೆ ನುಗ್ಗಿ ಎಡಗಡೆ ಕೂತವರ ಕಾಲ ಮೇಲೆ ಇಳಿಯುತ್ತದೆ. ಮೇಷ್ಟ್ರು ಇದನ್ನೂ ಚಿತ್ರ ಬರೆದು, ಬಾಣದ ಗುರುತು ಹಾಕಿ ವಿವರಿಸಿದರು.

ಅವರನ್ನೇ ಕರೆದುಕೊಂಡು ಮೆಕ್ಯಾನಿಕ್ ಹತ್ತಿರ ಹೋದೆ. ಜಾಲರಿ ಎತ್ತಿದರೆ ಎರಡು ಬೊಗಸೆ ಹೊಂಗೆ ಎಲೆ, ಕಪ್ಪಗೆ ಕೊಳೆತು ಗೊಬ್ಬರವಾಗಿತ್ತು. ಬೆಂಗಳೂರಿನ ಯಾವುದೋ ಬೀದಿಯಲ್ಲಿ ವರ್ಷಗಟ್ಟಲೆ ಮರದಡಿ ನಿಂತ ಕಾರು. ಇನ್ನೂರು ಪಾಯಿಂಟ್ ನೋಡಿದವರು ಇದನ್ನು ಎತ್ತಿ ನೋಡಿಲ್ಲ. ಒಂದು ಬಕೆಟ್ ನೀರು ಹುಯ್ದು ಪರೀಕ್ಷಿಸಿದೆವು. ಚಕ್ರದ ಹಿಂದೆ ಸರಾಗವಾಗಿ ಇಳಿಯಿತು.

ಮೇಷ್ಟ್ರು ಪುಸ್ತಕ ಜೊತೆಗೇ ತಂದಿದ್ದರು. ಕೊನೆಯ ಸಾಲು ಅವರ ಕಾರು ಮಾರಿದ ದಿನದ್ದು, ಅದರ ಕೆಳಗೆ ಸ್ಕೇಲಿಟ್ಟು ಎರಡು ಗೆರೆ ಎಳೆದಿದ್ದರು. ಉಳಿದ ಅರ್ಧ ಪುಸ್ತಕ ಖಾಲಿ. ಸ್ವಲ್ಪ ಹೊತ್ತು ಆ ಖಾಲಿ ಹಾಳೆ ನೋಡಿದರು. ಆಮೇಲೆ ಪೆನ್ನು ತೆಗೆದು ನನ್ನ ಕಡೆ ತಿರುಗಿದರು.

‘ನಿಮ್ಮ ಮೀಟರ್ ಎಷ್ಟಾಯ್ತು ಹೇಳಿ.’